ಒಂಬತ್ತನೆಯ ತುಂಡು

ಮಹಬೂಬಸಾಬನ ಬಲಗೈ ಮುರಿದದ್ದು ನನ್ನಿಂದ. ಕುಂದಗೋಳದಲ್ಲಿ ಯಾರೂ ಹೀಗೆ ಹೇಳುವುದಿಲ್ಲ, ಯಾರಿಗೂ ಗೊತ್ತಿಲ್ಲ. ಗೊತ್ತಿದ್ದವನು ಬಾಯಿ ಬಿಡಲಿಲ್ಲ.

ಆತ ಛಾಪಖಾನೆಯಲ್ಲಿ ಇಪ್ಪತ್ತಾರು ವರ್ಷ ಸೀಸದ ಮೊಳೆ ಜೋಡಿಸಿದವನು. ಮೊಳೆಯ ಮೇಲಿನ ತಿರುಗುಮುರುಗು ಅಕ್ಷರವನ್ನು ನಾವು ಪೇಪರ್ ಓದಿದಷ್ಟೇ ಸಲೀಸಾಗಿ ಓದುತ್ತಿದ್ದ. ೧೯೮೯ರಲ್ಲಿ ನಮ್ಮ ಎಣ್ಣೆಕಾಳು ಸಂಘಕ್ಕೆ ಕನ್ನಡ ಬರೆಯುವ ಕಂಪ್ಯೂಟರ್ ಬಂದಾಗ ಕರಡು ತಿದ್ದಲು ಅವನನ್ನೇ ಕರೆದೆವು. ನಾನು, ಶಂಭುಲಿಂಗಪ್ಪ, ಸಂಘದ ಹೆಡ್ ಕ್ಲಾರ್ಕ್. ಪ್ರೋಗ್ರಾಮ್ ಬರೆಯಲು ಧಾರವಾಡದಿಂದ ಪ್ರಭಂಜನ ಮಾಸ್ತರರು ಬರುತ್ತಿದ್ದರು.

ಒಂದು ದಿನ ಮಾಸ್ತರರು ಚೇಷ್ಟೆಗೆ, "ಸಾಬ್ರ, ನಿಮ್ಮಂಗ ಈ ಮಷೀನೂ ಉಲ್ಟಾ ಬರಿತೈತಿ ನೋಡ್ರಿ" ಎಂದು ಅವನ ಹೆಂಡತಿ ಖಾದರಬಿಯ ಹೆಸರು ಬಡಿದು ತಿರುಗಿಸಿದರು. ಪರದೆಯ ಮೇಲೆ ಮೊದಲು 'ಬಿ'ಯ ಗುಡಿಸು ಅಕ್ಷರವಿಲ್ಲದೆ ಒಂಟಿಯಾಗಿ ನಿಂತಿತು. ಅದರ ಹಿಂದೆ 'ಬರದಾಖ'. ನಾವು ಬಿದ್ದು ಬಿದ್ದು ನಕ್ಕೆವು. ಅವನು ನಗಲಿಲ್ಲ.

"ಇದು ಅಕ್ಷರ ತಿರುಗಿಸಿಲ್ರಿ ಸರ, ಅಕ್ಷರದ ತುಂಡು ತಿರುಗಿಸೇತಿ. 'ಬಿ' ಒಡದು ಎರಡಾತು. 'ಖಾ'ದ ದೀರ್ಘ ಹೋಗಿ 'ದ'ಕ್ಕ ಅಂಟ್ಕೊಂಡತಿ."

ಅದೇ ವಾರ ಅಧ್ಯಕ್ಷರ ಚುನಾವಣೆಯ ಮತಪತ್ರ. ಹೆಸರಿಗೆ ಎಷ್ಟು ಜಾಗ ಇಡಲಿ ಎಂದು ಮಾಸ್ತರರು ಕೇಳಿದರು. ಚುನಾವಣೆಗೆ ನಿಂತ ಇಬ್ಬರ ಹೆಸರನ್ನು ಬೆರಳು ಮಡಚಿ ಎಣಿಸಿದೆ. ಶಂಕ್ರಪ್ಪ, ಮೂರು ಅಕ್ಷರ. ಅಂದಾನೆಪ್ಪ, ನಾಲ್ಕು. "ಎಂಟು ಸಾಕು ಬಿಡ್ರಿ" ಎಂದೆ. ಪರೀಕ್ಷೆಗೆ ನನ್ನ ಹೆಸರು ಬಡಿದಾಗ 'ಶಂಭುಲಿಂಗ' ಎಂದು ಬಂತು. ಊರೆಲ್ಲ ಹಾಗೇ ಕರೆಯುವುದರಿಂದ ನನಗೆ ಏನೂ ಅನಿಸಲಿಲ್ಲ.

"ಶಂಭಣ್ಣಾರ, 'ಪ್ಪ' ಎಲ್ಲಿ ಹೋತ್ರಿ? ಜಾಗ ಹೆಚ್ಚಿಗಿ ಇಡಸ್ರಿ" ಎಂದ ಮಹಬೂಬಸಾಬ.

"ನೀ ನಿನ್ನ ಮೊಳಿ ನೋಡ್ಕೊ" ಎಂದೆ. ಸೊಕ್ಕು, ಮತ್ತೇನು. ಮತಪತ್ರದ ನಮೂನೆಯನ್ನು ಅವನಿಗೆ ತೋರಿಸದೆಯೇ ಸಂಘದ ಸೂಚನಾ ಫಲಕಕ್ಕೆ ಅಂಟಿಸಿದೆ.

ಮರುದಿನ ಮಧ್ಯಾಹ್ನ ಕುಬಿಹಾಳದ ಅಂದಾನೆಪ್ಪ ಹತ್ತು ಜನರೊಂದಿಗೆ ನುಗ್ಗಿದ. ಕೈಯಲ್ಲಿ ಕೊಡಲಿ ಕಾವು. ನಮೂನೆಯಲ್ಲಿ ಎದುರಾಳಿ 'ಶಂಕ್ರಪ್ಪ' ಇಡಿಯಾಗಿದ್ದ. ಕೆಳಗೆ 'ಅಂದಾನೆಪ್', ಬಾಲ ಕೊಯ್ದ ಹಾಗೆ. ಬಾಗಿಲ ಗಾಜು ಪುಡಿಯಾಯಿತು. ಮಾಸ್ತರರ ಹಣೆ ಒಡೆದು ಅಂಗಿಯೆಲ್ಲ ರಕ್ತ. ನಾನು ಕಪಾಟಿನ ಸಂದಿಗೆ ಸರಿದು ನಿಂತೆ.

"ಅವನದು ಮೂರು ಅಕ್ಷರ, ನಂದು ಬರೇ ನಾಕು. ನಂದಷ್ಟ ಯಾವ ಸೂಳೇಮಗ ಕತ್ತರಿಸಿದ?" ಎಂದು ಅಂದಾನೆಪ್ಪ ಮೇಜು ಗುದ್ದುತ್ತಲೇ ಕೇಳಿದ. ಯಾರೋ ಫಲಕದ ಮೇಲಿದ್ದ ಇನ್ನೊಂದು ಹಾಳೆ, ಅದೇ ಮಷೀನು ಬರೆದ ಕೆಲಸಗಾರರ ಪಟ್ಟಿ, ಕಿತ್ತು ತಂದ. ಅದರಲ್ಲಿ ಆರಕ್ಷರದ 'ಮಹಬೂಬಸಾಬ' ಇಡಿಯಾಗಿತ್ತು. "ನೋಡ್ರಿ, ತನ್ನದು ಉಳಿಸ್ಕೊಂಡಾನ. ಶಂಕ್ರಪ್ಪನ ಕಡಿಯವ" ಎಂದ.

ಮಹಬೂಬಸಾಬ ಓಡಲಿಲ್ಲ. ಎರಡೂ ಅಂಗೈ ಮೇಜಿನ ಮೇಲೆ ಹರವಿದ. "ಸಾವಕಾರ್ರ, ಮಷೀನು ಅಕ್ಷರ ಎಣಸೂದಿಲ್ರಿ, ತುಂಡು ಎಣಸ್ತೈತಿ. ನಿಮ್ಮ ಹೆಸರು ನೋಡ್ರಿ. ಅ ಒಂದು. ಸೊನ್ನಿ ಎರಡು. ದ ಮೂರು. ದೀರ್ಘ ನಾಕು. ನ ಐದು." ಎಡಗೈ ಮುಗಿಯಿತು. ಬಲಗೈಯ ಹೆಬ್ಬೆರಳು ಎತ್ತಿದ. "ಏತ್ವ ಆರು. ಪ ಏಳು."

ಕಾವು ಬಲಗೈಯ ಮೇಲೆ ಬಿತ್ತು. ಎಲುಬು ಮುರಿದ ಸದ್ದು ಕಪಾಟಿನ ಹಿಂದಿದ್ದ ನನಗೂ ಕೇಳಿಸಿತು. ಇನ್ನೊಂದು ಏಟು ಬಿತ್ತು, ಮತ್ತೊಂದು ಬಿತ್ತು. ಅವನು ಮೊಣಕಾಲೂರಿದ. ಎಡಗೈಯಿಂದ ಅಂದಾನೆಪ್ಪನ ಅಂಗಿ ಹಿಡಿದು ಎಳೆದು, "ನೀವ ಬಡೀರಿ, ಕೀಲಿ ನೀವ ಬಡೀರಿ" ಎಂದ.

ಏನು ಹೊಳೆಯಿತೋ, ಅಂದಾನೆಪ್ಪ ಬಗ್ಗಿದ. ಇವನು ತೋರಿಸಿದ ಒಂದೊಂದೇ ಕೀಲಿ ಒತ್ತಿದ. ಏಳನೆಯದಕ್ಕೆ ಪ. ಎಂಟಕ್ಕೆ ಒತ್ತಕ್ಷರ ಕೂಡಿಸುವ ಕೊಂಡಿ, ಪರದೆಯಲ್ಲಿ 'ಅಂದಾನೆಪ್'. ಒಂಬತ್ತಕ್ಕೆ ಇನ್ನೊಂದು ಪ ಒತ್ತಿದ ಕೂಡಲೇ ಹೆಸರು ತುಂಬಿತು. ಶಂಕ್ರಪ್ಪನ ಹೆಸರು ಎಂಟು ಕೀಲಿಗೇ ಮುಗಿಯಿತು.

"ಎಂಟ ಸಾಕು ಅಂದಾವ ಯಾರು?" ಎಂದ ಅಂದಾನೆಪ್ಪ. ಕಾವು ಇನ್ನೂ ಕೈಯಲ್ಲೇ ಇತ್ತು.

ಮಾಸ್ತರರಿಗೆ ಎಚ್ಚರವಿರಲಿಲ್ಲ. ಮಹಬೂಬಸಾಬ ನನ್ನನ್ನು ನೋಡಿದ. ನಾನು ಕಪಾಟಿನ ಸಂದಿಗೆ ಇನ್ನಷ್ಟು ಒತ್ತಿಕೊಂಡೆ.

"ಮಷೀನಿನ ಲೆಕ್ಕರಿ ಅದು" ಎಂದ ಅವನು. ಅಂದಾನೆಪ್ಪ ಮಷೀನನ್ನೇ ಒಡೆದು ಚೂರು ಮಾಡಿ ಹೋದ.

ಚುನಾವಣೆಗೆ ಕೈಬರಹದ ಪತ್ರ ಬಂತು. ಮಾಸ್ತರರು ಮತ್ತೆ ಕುಂದಗೋಳದ ಕಡೆ ಬರಲಿಲ್ಲ. ಮಹಬೂಬಸಾಬನ ಹೆಬ್ಬೆರಳು ಮತ್ತೆ ಮಡಚಲಿಲ್ಲ. ಮೊಳೆ ಹಿಡಿಯಲಾಗದ ಕೈಗೆ ಛಾಪಖಾನೆಯಲ್ಲಿ ಏನು ಕೆಲಸ. ಮೂರು ತಿಂಗಳ ಮೇಲೆ ಧೈರ್ಯ ಮಾಡಿ ಅವನ ಮನೆಗೆ ಹೋದೆ. ಖಾದರಬಿ ಅವನಿಗೆ ತುತ್ತು ಮಾಡಿ ಉಣಿಸುತ್ತಿದ್ದಳು. ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರ ನಿಮ್ಮ ಕೈನೂ ಹೋಗತಿತ್ತು. ನಂದೇನು ಹೊಳ್ಳಿ ಬರತಿತ್ತೇನ್ರಿ?" ಎಂದ. ತುತ್ತು ನುಂಗಿ ನನ್ನ ಮುಖ ನೋಡಿದ. "ನಿಮ್ಮ ಹೆಸರಾಗ ಹನ್ನೊಂದು ತುಂಡು ಅದಾವ್ರಿ ಶಂಭಣ್ಣಾರ. ಮೂರು ಕೊಯ್ದರೂ ನಿಮಗ ನೋವಾಗಲಿಲ್ಲ. ಅದಕ್ಕ ನಿಮಗ ತಿಳೀಲಿಲ್ಲ."