ಸೂಜಿಗೆ ಹೆದರುವವಳು ಬರೆದ ಕರಪತ್ರ

ನಾವು ಜೆ.ಪಿ. ನಗರದ ಬಾಡಿಗೆ ಮನೆಯಲ್ಲಿದ್ದ ದಿನಗಳು. ನಮ್ಮ ಬಡಾವಣೆಯ ಸಂಘದವರು ರಕ್ತದಾನ ಶಿಬಿರ ಏರ್ಪಡಿಸಿ, ಕನ್ನಡ ಟೀಚರ್ ಅಂತ ಕರಪತ್ರ ಬರೆಯುವ ಕೆಲಸ ನನಗೆ ಒಪ್ಪಿಸಿದರು. ಸೂಜಿ ಕಂಡರೆ ಕೈಕಾಲು ತಣ್ಣಗಾಗುವವಳು ನಾನು. ಮೂವತ್ತೆಂಟಾದರೂ ಒಮ್ಮೆಯೂ ರಕ್ತ ಕೊಟ್ಟಿರಲಿಲ್ಲ. ಅದನ್ನು ಯಾರಿಗೂ ಹೇಳದೆ, ತ್ಯಾಗ, ಪುಣ್ಯ, ಮಹಾದಾನ ಅಂತ ಒಂದು ಪುಟ ತುಂಬಿಸಿದೆ.

ಎದುರಿನ ಹಾರ್ಡ್‌ವೇರ್ ಅಂಗಡಿಯ ಯಜಮಾನರಿಗೆ ಓದಿ ಹೇಳಿದೆ. ಆ ಬಡಾವಣೆಯ ಹಳಬರು, ಆರಡಿ ಆಳು. ಪೂರ್ತಿ ಕೇಳಿ, ತಗ್ಗಿದ ದನಿಯಲ್ಲಿ ಅಂದರು:

"ಪುಣ್ಯ ಬರುತ್ತೆ ಅನ್ನೋದು ನಂಗೂ ಗೊತ್ತು ಮೇಡಂ. ಚುಚ್ಚಿದ್ರೆ ಎಷ್ಟು ನೋವಾಗುತ್ತೆ, ಅದನ್ನ ಬರೀರಿ. ನಾನು ಹೆದರ್ತೀನಿ ಅಂತ ಮಾತ್ರ ಬರೀಬೇಡಿ."

"ನಾನೂ ಹೆದರ್ತೀನಿ ಅಣ್ಣ," ಅಂದೆ. ಇಬ್ಬರೂ ನಕ್ಕೆವು.

ಆ ಪುಟ ಹರಿದುಹಾಕಿ ರಕ್ತನಿಧಿಯ ಸಿಸ್ಟರ್‌ಗೆ ಫೋನ್ ಮಾಡಿದೆ. ಅವರು ಹೇಳಿದ್ದನ್ನೇ ಬರೆದೆ. ತಿಂಡಿ ತಿಂದು, ನೀರು ಕುಡಿದು ಬನ್ನಿ. ಮೊದಲು ಫಾರಂ ತುಂಬಿಸಿ ಆರೋಗ್ಯದ ಪ್ರಶ್ನೆ ಕೇಳುತ್ತಾರೆ, ನಿಜ ಹೇಳಿ. ತೂಕ, ಬಿಪಿ ನೋಡಿ, ಬೆರಳ ತುದಿಯಿಂದ ಒಂದು ಹನಿ ತೆಗೆದು ಹಿಮೋಗ್ಲೋಬಿನ್ ಪರೀಕ್ಷಿಸುತ್ತಾರೆ. ಆಮೇಲೆ ಮಲಗಿಸಿ, ಮೊಣಕೈ ಮಡಿಕೆಯಲ್ಲಿ ಹೊಸ ಸೂಜಿ ಹಾಕುತ್ತಾರೆ. ಒಬ್ಬರಿಗೆ ಬಳಸಿದ್ದನ್ನು ಇನ್ನೊಬ್ಬರಿಗೆ ಬಳಸುವುದಿಲ್ಲ. ಚುಚ್ಚುವಾಗ ಒಂದು ಕ್ಷಣ ಚುರುಕ್ ಅನ್ನುತ್ತದೆ. ನೋಡಬೇಕೆಂದಿಲ್ಲ, ಮುಖ ತಿರುಗಿಸಿಕೊಳ್ಳಿ. ಸುಮಾರು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ತಲೆ ಸುತ್ತಿದರೆ ಕೂಡಲೇ ಹೇಳಿ, ನಾಚಿಕೆ ಬೇಡ. ಕೊನೆಗೆ, "ಇದನ್ನು ಬರೆದವಳೂ ಮೊದಲ ಸಲ ಕೊಡುತ್ತಿದ್ದಾಳೆ" ಅಂತ ಸೇರಿಸಿದೆ. ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಸಮುದಾಯ ಭವನದಲ್ಲಿ, ಕರಪತ್ರ ಓದಿ ಬಂದಿದ್ದ ಅಂಗಡಿ ಯಜಮಾನರಿಗೂ ನನಗೂ ಪಕ್ಕಪಕ್ಕದ ಮಂಚ. ಸಿಸ್ಟರ್ ನನ್ನ ತೋಳಿಗೆ ಪಟ್ಟಿ ಕಟ್ಟಿ, ಅದುಮುತ್ತಿರಲು ಮೆತ್ತನೆಯ ಚೆಂಡು ಕೊಟ್ಟರು. ನಾನು ಗೋಡೆಯ ಕಡೆ ತಿರುಗಿ, ನಮ್ಮ ಶಾಲೆಯ ಹಾಜರಿ ಪಟ್ಟಿಯ ಹೆಸರುಗಳನ್ನು ಮನಸ್ಸಿನಲ್ಲೇ ಕೂಗತೊಡಗಿದೆ. ಹನ್ನೊಂದನೇ ಹೆಸರಿಗೆ ಬರುವಷ್ಟರಲ್ಲಿ ಸಿಸ್ಟರ್ ಅಂದರು, "ಸೂಜಿ ಹಾಕಿ ಆಯ್ತು ಮೇಡಂ, ರಕ್ತ ಬರ್ತಿದೆ."

ಯಜಮಾನರದೂ ಸಲೀಸಾಗಿ ಮುಗಿಯಿತು. ಆದರೆ ಎದ್ದು ಕುಳಿತಾಗ ಅವರ ಮುಖ ಬಿಳಿಚಿಕೊಂಡಿತು.

"ಸಿಸ್ಟರ್, ತಲೆ ಸುತ್ತುತ್ತಿದೆ," ಅಂತ ಎಲ್ಲರಿಗೂ ಕೇಳುವಂತೆ ಹೇಳಿದರು. ಅಂಥ ಆಳು ಹಾಗೆ ಒಪ್ಪಿಕೊಂಡದ್ದಕ್ಕೆ ಯಾರೂ ನಗಲಿಲ್ಲ. ಸಿಸ್ಟರ್ ಅವರನ್ನು ಮತ್ತೆ ಮಲಗಿಸಿ, ಕಾಲ ಕೆಳಗೆ ದಿಂಬಿಟ್ಟರು. ಸ್ವಲ್ಪ ಹೊತ್ತಿಗೆ ಬಣ್ಣ ಮರಳಿತು. ಜ್ಯೂಸು, ಬಿಸ್ಕತ್ತು ಮುಗಿಸಿದ ಮೇಲೆ, "ಇವತ್ತು ಭಾರ ಎತ್ತಬೇಡಿ, ಚೆನ್ನಾಗಿ ನೀರು ಕುಡೀರಿ," ಅಂದರು ಸಿಸ್ಟರ್.

ಬಾಗಿಲಲ್ಲಿ ಕಾಲೇಜು ಹುಡುಗಿಯೊಬ್ಬಳು ಒಳಗೆ ಬರಲೋ ಬೇಡವೋ ಅಂತ ನಿಂತಿದ್ದಳು. ಯಜಮಾನರು ಸೂಜಿ ಹಾಕಿದ ಜಾಗಕ್ಕೆ ಅಂಟಿಸಿದ್ದ ಬ್ಯಾಂಡೇಜು ತೋರಿಸಿ, "ಚುರುಕ್ ಅನ್ನುತ್ತೆ ಕಣಮ್ಮ, ಅಷ್ಟೇ. ನಂಗೆ ತಲೆ ಸುತ್ತಿತು, ನೋಡ್ಕೊಂಡ್ರು. ಬಾ," ಅಂದರು. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು.

ಆ ಮನೆ ಬಿಟ್ಟು ಬಂದು ವರ್ಷಗಳಾದವು. ಅಂಗಡಿಯನ್ನು ಈಗ ಅವರ ಮಗಳು ನೋಡಿಕೊಳ್ಳುತ್ತಾಳಂತೆ. ಆ ಭಾನುವಾರ ನಾವಿಬ್ಬರೂ ಭವನದ ಮೆಟ್ಟಿಲ ಮೇಲೆ, ಹೊಂಗೆ ಮರದ ನೆರಳಲ್ಲಿ, ಶಾಲೆಗೆ ಚಕ್ಕರ್ ಹೊಡೆದ ಮಕ್ಕಳಂತೆ ಬಹಳ ಹೊತ್ತು ಕುಳಿತಿದ್ದೆವು. ಅಷ್ಟು ಹಗುರಾದ ಬೆಳಗು ನನಗೆ ಆಮೇಲೆ ಹೆಚ್ಚು ಸಿಕ್ಕಿಲ್ಲ.