ಕೀಲು ಹೊಸದಾದರೂ ನೆಲ ಉಜ್ಜಿದ ಗೇಟು

ನಮ್ಮ ಬೀದಿಯ ನ್ಯಾ ಪೊಲಿಕಾರ್ಪಾಗೆ, ಅಂದರೆ ಪೊಲಿಕಾರ್ಪಾ ಅಮ್ಮನಿಗೆ, ಇದ್ದದ್ದು ಒಂದೇ ಹಸು, ಮೊರೊತಿ. ಅದರ ಹಾಲಿನ ಚೀಸ್ ಮಾರಿಯೇ ಅವಳ ಬದುಕು. ಗೇಟಿನಾಚೆ ಬಸ್ಸು, ಲಾರಿ ಓಡುವ ರಸ್ತೆ. ಗೇಟಿಗೆ ಅಗುಳಿ ಬೀಳದೆ ಹೋದಂದಿನಿಂದ ಅವಳಿಗೆ ಊಟ ರುಚಿಸಲಿಲ್ಲ.

ಗೇಟು ಕಿರುಗುಟ್ಟುತ್ತಿತ್ತು, ತುದಿ ನೆಲ ಉಜ್ಜುತ್ತಿತ್ತು. ವೆಲ್ಡರ್ ದೋನ್ ಕ್ರಿಸ್ಪುಲೊ ಬಂದು ತುದಿ ಹಿಡಿದೆತ್ತಿದ. ಕೀಲಿನ ಬಳಿ ಗೇಟು ಲೊಡಲೊಡ ಆಡಿತು. ಕೀಲು ಸವೆದಿದೆ ಎಂದು ಎರಡನ್ನೂ ಹೊಸದು ಮಾಡಿದ. ಸದ್ದು ನಿಂತಿತು. ಕೆಲವು ವಾರ ಕಳೆಯುವುದರೊಳಗೆ ಗೇಟು ಮತ್ತೆ ನೆಲಕ್ಕೆ ತಾಗಿತು, ಅಗುಳಿ ಎದುರು ಕಂಬದ ತೂತಿಗಿಂತ ಕೆಳಗಿಳಿಯಿತು. ತೂತನ್ನು ಕೆಳಕ್ಕೆ ಅಗಲಿಸಿದ. ಅದೂ ಸಾಲಲಿಲ್ಲ. ಒಂದು ಬೆಳಿಗ್ಗೆ ಮೊರೊತಿ ರಸ್ತೆಯ ನಡುವೆ ನಿಂತಿತ್ತು, ಬಸ್ಸು ಹಾರ್ನ್ ಹೊಡೆಯುತ್ತಿತ್ತು.

ನಮಗೆ ತಲೆಬುಡ ತಿಳಿಯಲಿಲ್ಲ. ನಾವೆಂದರೆ ದಿನವೂ ಆ ಗೇಟಿನ ಕೀಲಿನ ಕಂಬದ ಪಕ್ಕದಲ್ಲಿ ಕುಳಿತು, ತಣ್ಣೀರಲ್ಲಿ ನೆನೆಸಿದ ಯೆರ್ಬಾ ಸೊಪ್ಪಿನ ತೆರೆರೆ ಕುಡಿಯುವವರು. ಒಬ್ಬರು ಗಾಳಿ ಎಂದರು, ಒಬ್ಬರು ಮಕ್ಕಳು ಗೇಟಿಗೆ ಜೋತಾಡುತ್ತಾರೆ ಎಂದರು. ನಾನಂತೂ ಕೆಟ್ಟ ಕಣ್ಣು ಎಂದೇ ನಂಬಿದ್ದೆ.

ಕ್ರಿಸ್ಪುಲೊ ಕಡೆಗೆ ಕಂಬದ ತುದಿಯಿಂದ ದಾರಕ್ಕೆ ಕಟ್ಟಿದ ಗುಂಡು ಇಳಿಬಿಟ್ಟ. ಕಂಬವೇ ಗೇಟಿನತ್ತ ವಾಲಿತ್ತು. ಬುಡಕ್ಕೆ ಹಾರೆ ಹಾಕಿದರೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಮೇಲೆ ಬಂದದ್ದು ಕಪ್ಪು ಕೆಸರು, ಕೊಳೆತ ಯೆರ್ಬಾ ಸೊಪ್ಪು.

"ಇಲ್ಲಿ ನೀರು ಸುರಿಯೋರು ಯಾರು?" ಎಂದ.

ನಾವೆಲ್ಲ ನಮ್ಮ ಹೂಜಿ ನೋಡಿದೆವು. ಕುಡಿದು ಮುಗಿಸಿ ಸೊಪ್ಪು, ಉಳಿದ ನೀರು ಎರಡನ್ನೂ ಕಂಬದ ಬುಡಕ್ಕೇ ಎರೆಯುವುದು ನಮ್ಮ ಅಭ್ಯಾಸ. ಅದನ್ನು ಶುರು ಮಾಡಿದವನು ಪೊಲಿಕಾರ್ಪಾಳ ಗಂಡ, ತೀರಿಹೋದ ಎಲೆವುತೇರಿಯೊ. ಕುರ್ಚಿ ಕಂಬಕ್ಕೊರಗಿಸಿ ಕೂತು, ಕೊನೆಯುಸಿರಿನವರೆಗೂ ಎಣ್ಣೆಡಬ್ಬಿ ಹಿಡಿದು ಈ ಗೇಟನ್ನೇ ಬೈದವನು.

"ಅಂದ್ರೆ ಇಷ್ಟು ವರ್ಷ ನಮ್ಮನೆಯೋರೇ ಕಂಬ ವಾಲಿಸ್ತಿದ್ರಾ?" ಎಂದಳು ಪೊಲಿಕಾರ್ಪಾ. ನಕ್ಕಳೋ ಅತ್ತಳೋ ನನಗೆ ಗೊತ್ತಾಗಲಿಲ್ಲ.

ನಾವೆಲ್ಲ ಸೇರಿ ಗೇಟು ಬಿಚ್ಚಿ, ಹಸುವನ್ನು ಕಟ್ಟಿ, ಕೆಸರು ತೆಗೆದು, ಗುಂಡು ನೋಡಿಕೊಂಡು ಕಂಬ ನೆಟ್ಟಗೆ ಮಾಡಿ, ಆನಿಕೆ ಕೊಟ್ಟು, ಸುತ್ತ ಕಲ್ಲು, ಕಾಂಕ್ರೀಟ್ ತುಂಬಿದೆವು. ಅದು ಗಟ್ಟಿಯಾದ ಮೇಲೆ ಗೇಟು ಕೂರಿಸಿದೆವು. ಅಗುಳಿ ಸರಕ್ಕನೆ ಕೂತಿತು.

ಆ ಸಂತೋಷಕ್ಕೆ ತೆರೆರೆ ಆಯಿತು. ಕುಡಿದು ಮುಗಿದದ್ದೇ ಕ್ರಿಸ್ಪುಲೊ ಮಾತಾಡುತ್ತಲೇ ಕೊಂಬಿನ ಲೋಟದ ಸೊಪ್ಪನ್ನೂ ಹೂಜಿಯ ನೀರನ್ನೂ ನೆಟ್ಟಗಾದ ಕಂಬದ ಬುಡಕ್ಕೇ ಸುರಿದ. ಅವನು ತನ್ನ ಕೈಯನ್ನು ತಾನೇ ಪಿಳಿಪಿಳಿ ನೋಡಿದ.

ಪೊಲಿಕಾರ್ಪಾ ಒಳಗೆ ಹೋಗಿ ಗಂಡನ ಕುರ್ಚಿ ತಂದು ಕಂಬದ ಬುಡಕ್ಕೆ ಸರಿಯಾಗಿ ಇಟ್ಟಳು.

"ಸುರಿಯೋದಿದ್ರೆ ಇನ್ಮೇಲೆ ನಮ್ಮನೆಯೋರ ತೊಡೆ ಮೇಲೆ ಸುರೀರಿ" ಎಂದಳು.

ಅಂದಿನಿಂದ ನಾವು ಉಳಿದದ್ದು ಸುರಿಯಲು ಹೂಜಿ ಹಿಡಿದುಕೊಂಡು ಬೀದಿಯಂಚಿನ ಪೇರಲ ಮರದವರೆಗೆ ನಡೆಯುತ್ತೇವೆ.