ಕೆಲಸಕ್ಕೆ ಬರದ ನಾಲ್ಕು ದಿನದ ಪಗಾರ
ಎಪ್ಪತ್ತರ ದಶಕದಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೆ, ನಾನು ಮುಂಬಯಿಯ ಮುಲುಂಡಿನ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಒಡತಿ ಬೆಳಗಾವಿಯವರು. ಮೊದಲ ಪಗಾರದ ಚೀಟಿಯಲ್ಲಿ ಮೂವತ್ತು ದಿನ ಎಂದಿತ್ತು.

“ಅಕ್ಕಾರ, ತಪ್ಪಾಗೇದ. ನಾ ಇಪ್ಪತ್ತಾರ ದಿನಾ ಅಷ್ಟ ಬಂದೀನಿ,” ಎಂದೆ.

ಅವರು ಗೋಡೆಯ ಮೇಲಿನ ‘ಸೋಮವಾರ ಬಂದ್’ ಫಲಕ ತೋರಿಸಿದರು. “ವಾರದ ಸೂಟಿಗೆ ಪಗಾರ ಕಟ್ ಮಾಡೂ ಹಂಗಿಲ್ಲ ತಂಗಿ, ಕಾಯ್ದೆ ಅದ. ವರ್ಷದಾಗ ಇನ್ನೂರಾ ನಲವತ್ತ ದಿನಾ ದುಡದ್ರ ಇಪ್ಪತ್ತೊಂದ ದಿನಾ ಪಗಾರದ ಸೂಟಿನೂ ಸಿಗತದ. ಈ ಚೀಟಿ ಜ್ವಾಕಿ ಇಟ್ಕೊ, ನಾಳೆ ನಿನಗ ಇದ ಪುರಾವೆ.”

ಪಗಾರವಿಲ್ಲವೆಂದುಕೊಂಡು ಆ ನಾಲ್ಕೂ ಸೋಮವಾರ ನಮ್ಮ ಚಾಳಿನ ಪಕ್ಕದ ಮನೆಯವರಿಗೆ ದುಡ್ಡಿಗೆ ಹಪ್ಪಳ ಲಟ್ಟಿಸಿಕೊಟ್ಟಿದ್ದೆ. ಪಗಾರವಿರುವ ಸೂಟಿಯಲ್ಲಿ ಜನ ಏನು ಮಾಡುತ್ತಾರೋ ಎಂಬ ಕುತೂಹಲ ಹುಟ್ಟಿತು. ಮುಂದಿನ ಸೋಮವಾರ ಲೋಕಲ್ ರೈಲು ಹತ್ತಿ ಕೊನೆಯ ನಿಲ್ದಾಣ ವಿ.ಟಿ.ವರೆಗೂ ಹೋದೆ, ಸುಮ್ಮನೆ ಊರು ನೋಡಲು.